ಚಪ್ಪರದ ಹಿಂದಿನ ಮೂರು ಸಾಲು

ಹೆಂಚಿನ ಲೆಕ್ಕವನ್ನು ಕಥೆಯೆಂದು ಹೇಳಲು ಹೊರಟದ್ದನ್ನು ಓದುಗರು ಮನ್ನಿಸಬೇಕು. ಇದನ್ನು ಇನ್ನೂ ಚೆನ್ನಾಗಿ ಹೇಳಬಲ್ಲವರು ಇದ್ದೇ ಇದ್ದಾರೆ. ಅವರು ಹೇಳಿದ್ದರೆ ಇಲ್ಲಿ ಬಾಯಿ ಬಿಡುವ ಅಗತ್ಯವಿರಲಿಲ್ಲ. ಲೆಕ್ಕವನ್ನು ಬಿಟ್ಟು ಕಥೆ ಮಾತ್ರ ಹೇಳೋಣವೆಂದರೆ ಅದೂ ಆಗದು. ಒಬ್ಬ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರಬಹುದೋ ಬಾರದೋ ಎನ್ನುವುದು ಆ ಲೆಕ್ಕದ ಮೇಲೆಯೇ ನಿಂತಿತ್ತು.

ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದ ಕಾಲ ಅದು. ಕನಕಪುರದ ರಸ್ತೆಯ ಮಗ್ಗುಲಲ್ಲಿ ಶಾಂತವೀರಪ್ಪನವರ ಹೆಂಚಿನ ಡಿಪೋ ಇತ್ತು. ಅಲ್ಲಿ ಗುಮಾಸ್ತನಾಗಿದ್ದವನು ಚಕ್ರಪಾಣಿ. ಹಗಲೆಲ್ಲ ಡಿಪೋದಲ್ಲಿ ಕೂತು, ಸಂಜೆ ಸೈಕಲ್ ತುಳಿದು ಹೋಗಿ, ಕಟ್ಟಡಕ್ಕೆ ಬೇಕಾಗುವ ಸಾಮಾನು ಅಂದಾಜು ಮಾಡುವ ತರಗತಿಯನ್ನು ಎರಡು ವರ್ಷ ಓದಿ ಪಾಸು ಮಾಡಿದ್ದ. ಪಾಸಾದ ಮೇಲೂ ಅವನಿಗೆ ತಾನು ಕಲಿತದ್ದರ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಎರಡೂ ಎರಡೂ ಕೂಡಿದರೂ ಒಮ್ಮೆ ತಿರುಗಿ ನೋಡುವ ಸ್ವಭಾವ. ಡಿಪೋಗೆ ಬೀಗ ಹಾಕಿ ಅರ್ಧ ದಾರಿ ಹೋದವನು ವಾಪಸು ಬಂದು ಬೀಗ ಜಗ್ಗಿ ನೋಡುತ್ತಿದ್ದ.

ಆ ವರ್ಷ ಮುಂಗಾರು ಜೋರು. ಘಟ್ಟದ ದಾರಿಯಲ್ಲಿ ಮಣ್ಣು ಕುಸಿದು ಮಂಗಳೂರಿನಿಂದ ಲಾರಿ ಬರುವುದು ನಿಂತುಹೋಗಿತ್ತು. ಮುಂದಿನ ಲೋಡು ಯಾವಾಗ ಎಂದರೆ ಆಕಾಶ ನೋಡಬೇಕು. ಊರಿನ ಉಳಿದ ಡಿಪೋಗಳೂ ಬರಿದು. ಶಾಂತವೀರಪ್ಪನವರ ಅಂಗಳದಲ್ಲಿ ಸಾವಿರದ ನೂರೈವತ್ತು ಹೆಂಚು ಉಳಿದಿತ್ತು, ಅಷ್ಟೇ. ಅದರ ಮೇಲೆ ಜಯನಗರದ ಒಬ್ಬ ಲಾಯರು, ಕಾರಿನ ಷೆಡ್ಡಿಗೆಂದು, ಕಣ್ಣಿಟ್ಟಿದ್ದರು.

ಅಂಥ ಒಂದು ಮಧ್ಯಾಹ್ನ ಉತ್ತರಹಳ್ಳಿಯ ತಿಮ್ಮರಾಯಪ್ಪ ಮತ್ತು ಅವನ ಹೆಂಡತಿ ಮುನಿವೆಂಕಟಮ್ಮ ನೆನೆದ ಗೋಣಿಕೊಪ್ಪೆ ಹೊದ್ದುಕೊಂಡು ಬಂದು ಡಿಪೋದ ಬಾಗಿಲಲ್ಲಿ ನಿಂತರು. ತಿಮ್ಮರಾಯಪ್ಪ ಎದೆಯೊಳಗಿನಿಂದ ಒಂದು ಬಟ್ಟೆಗಂಟು ತೆಗೆದು, ಬಿಚ್ಚಿ, ಚೌಕಟ್ಟು ಹಾಕಿದ ಫೋಟೋ ಒಂದನ್ನು ಮೇಜಿನ ಮೇಲಿಟ್ಟ.

"ಸ್ವಾಮಿ, ಈ ಮನೆಗೆ ಎಷ್ಟು ಹೆಂಚು ಬೇಕಾಯ್ತದೆ, ಒಸಿ ಹೇಳಿ."

ಚಕ್ರಪಾಣಿ ಫೋಟೋ ನೋಡಿದ. ಮದುವೆಯ ಫೋಟೋ. ಮುಂದೆ ಗಂಡು ಹೆಣ್ಣು, ಪಕ್ಕದಲ್ಲಿ ಬೀಗರು, ಅವರ ಹಿಂದೆ ತೆಂಗಿನ ಗರಿಯ ಚಪ್ಪರ, ಚಪ್ಪರದ ಮೇಲೆ ಮನೆಯ ಹೆಂಚಿನ ಮಾಡು.

"ಮನೆ ನೋಡಿ ಅಳತೆ ತಗೊಂಡು ಬಂದ್ರೆ ಒಳ್ಳೇದಲ್ವೇ?"

"ಅಳ್ಯಾಕೆ ಮಾಡೇ ಇಲ್ವಲ್ಲ ಸ್ವಾಮಿ. ಹೋದ ತಿಂಗ್ಳು ಗಾಳಿಗೆ ಹುಣಸೆಮರ ಬಂದು ನೆತ್ತಿ ತೊಲೆ ಮೇಲೇ ಕೂತ್ಕಂತು. ತೊಲೆ ಮುರೀತು, ಎರಡು ಮಗ್ಗುಲೂ ಕುಸುದ್ವು. ಒಡೀದೆ ಉಳಿದಿದ್ದು ನಾಲ್ಕು ಹೆಂಚ ದನದ ಕೊಟ್ಟಿಗೆ ಮೇಲೆ ಹಾಕ್ಕಂಡು ಅಲ್ಲೇ ಮಲಗ್ತಾ ಇದ್ದೀವಿ. ಆಚಾರಿ ಹೊಸ ತೊಲೆ ಏರ್ಸವ್ನೆ. ಹೆಂಚು ತಂದು ತೋರ್ಸು, ಅದನ್ನ ನೋಡ್ಕಂಡು ರೀಪು ಹೊಡೀತೀನಿ ಅಂತಾನೆ."

ಆಚಾರಿ ಹೇಳಿದ್ದು ಸರಿಯೇ. ರೀಪೆಂದರೆ ಹೆಂಚು ತೂಗುವ ಅಡ್ಡಪಟ್ಟಿ. ಒಂದು ಸಾಲಿಗೆ ಒಂದು ರೀಪು. ಹೆಂಚಿನ ಉದ್ದ ನೋಡದೆ ರೀಪಿನ ಅಂತರ ಗೊತ್ತುಮಾಡಲಾಗದು.

"ಅವಸರ ಏನು?" ಎಂದು ಚಕ್ರಪಾಣಿ ಕೇಳಿದ. ಕೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು.

ಉತ್ತರ ಕೊಟ್ಟವಳು ಮುನಿವೆಂಕಟಮ್ಮ. ಫೋಟೋದಲ್ಲಿ ತಲೆತಗ್ಗಿಸಿ ನಿಂತಿದ್ದ ಹುಡುಗಿಯ ಮೇಲೆ ಬೆರಳಿಟ್ಟಳು. "ಇವ್ಳೇ ಸ್ವಾಮಿ, ನಮ್ಮ ಮಂಗಮ್ಮ. ಈಗ ಎಂಟು ತುಂಬ್ತಾ ಐತೆ. ಮೊದಲ್ನೇ ಬಾಣಂತನ. ಅಲ್ಲಿ ಅತ್ತೆ ಹಾಸಿಗೆ ಹಿಡ್ದವ್ಳೆ, ಒಂದು ಚೊಂಬು ನೀರು ಕಾಯ್ಸಿ ಹುಯ್ಯೋರಿಲ್ಲ. ಬೀಗ್ರು ಹೇಳ್ಯವ್ರೆ, ಮಾಡಿಲ್ಲದ ಮನೆಗೆ ಹೆಂಗೆ ಕಳ್ಸೋದು ಅಂತ. ಅವರ ಮಾತೂ ಸರಿಯೇ. ಹಸುಗೂಸ ತಗಂಡು ಕೊಟ್ಟಿಗೇಲಿ ಮಲಕ್ಕೊಳಕ್ಕಾಯ್ತದಾ?"

ಚಕ್ರಪಾಣಿ ಭೂತಕನ್ನಡಿ ತೆಗೆದು ಫೋಟೋದ ಮೇಲೆ ಬಗ್ಗಿದ. ಮೂಲೆಯಿಂದ ತೆಗೆದ ಫೋಟೋ. ಹತ್ತಿರದ ಹೆಂಚು ದೊಡ್ಡದಾಗಿ, ದೂರದ್ದು ಉಗುರಿನಷ್ಟಾಗಿ ಕಾಣುತ್ತಿತ್ತು. ಅಳೆಯುವುದಾದರೆ ಇದು ತೊಂದರೆ, ಎಣಿಸುವುದಾದರೆ ಅಲ್ಲ. ಚಿಕ್ಕದಾಗಿ ಕಂಡರೂ ಒಂದು ಹೆಂಚು ಒಂದೇ ಹೆಂಚು. ನೆತ್ತಿಯ ಕೆಳಗಿನ ಸಾಲನ್ನು ಸೂಜಿಯ ಮೊನೆಯಿಂದ ಮುಟ್ಟುತ್ತ ಈ ತುದಿಯಿಂದ ಆ ತುದಿಗೆ ಎಣಿಸಿದ: ನಲವತ್ತೆರಡು. ತಿರುಗಿ ಆ ತುದಿಯಿಂದ ಈ ತುದಿಗೆ ಎಣಿಸಿದ: ನಲವತ್ತೆರಡೇ. ಅಡ್ಡಕ್ಕೆ ನಲವತ್ತೆರಡಾಯಿತು.

ಮೇಲಿಂದ ಕೆಳಕ್ಕೆ ಸಾಲು ಎಣಿಸತೊಡಗಿದ. ಒಂಬತ್ತು ಸಾಲು ಸಿಕ್ಕಿತು. ಆಮೇಲೆ ಚಪ್ಪರದ ಗರಿ. ಗರಿಯ ಹಿಂದೆ ಎಷ್ಟು ಸಾಲಿದೆಯೋ ದೇವರಿಗೇ ಗೊತ್ತು.

"ಇಲ್ಲಿಂದಾಚೆ ಕಾಣ್ತಿಲ್ಲ. ಒಟ್ಟು ಎಷ್ಟು ಸಾಲಿತ್ತು, ನೆನಪಿದೆಯಾ?"

ತಿಮ್ಮರಾಯಪ್ಪ ತಲೆ ಕೆರೆದುಕೊಂಡ. "ಹುಟ್ಟಿದ್ದೇ ಆ ಮನೇಲಿ ಸ್ವಾಮಿ. ಒಂದಿನ ತಲೆ ಎತ್ತಿ ಎಣಿಸ್ದೋನಲ್ಲ."

"ನೀನ್ಯಾಕೆ ಎಣಿಸ್ತೀಯ," ಎಂದಳು ಮುನಿವೆಂಕಟಮ್ಮ. "ನೀನು ಯಾವತ್ತು ಬಾಣಂತಿಯಾಗಿ ಮಲಗಿದ್ದೆ?" ಆಮೇಲೆ ಚಕ್ರಪಾಣಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಸ್ವಾಮಿ, ಮಂಗಮ್ಮನ್ನ ಹೆತ್ತಾಗ ಮುಂದಿನ ಕೋಣೇಲೇ ಮಲಗಿದ್ದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಏಳಂಗಿಲ್ಲ, ಮಾತಾಡಂಗಿಲ್ಲ. ಇನ್ನೇನು ಮಾಡ್ಲಿ, ಮಲಗಿದ ಕಡೆಯಿಂದ ರೀಪು ಎಣಿಸ್ತಿದ್ದೆ. ಗಾಜಿನ ಹೆಂಚಿತ್ತಲ್ಲ, ಅದರ ಕೆಳಗಿಂದ ಮುಂದಿನ ಗೋಡೇವರೆಗೂ ಆರು ರೀಪು. ಅದರ ಮೇಲಕ್ಕೆ ಬರೀ ಕತ್ತಲು, ಅದು ಗೊತ್ತಿಲ್ಲ."

ಚಕ್ರಪಾಣಿ ಮತ್ತೆ ಭೂತಕನ್ನಡಿ ಹಿಡಿದ. ಮಾಡಿನ ಎಡಭಾಗದಲ್ಲಿ ಒಂದು ಹೆಂಚು ಬೇರೆಯವುಗಳ ಹಾಗೆ ಮಂಕಾಗಿರದೆ ಬೆಳ್ಳಗೆ ಹೊಳೆಯುತ್ತಿತ್ತು. ಅದೇ ಗಾಜಿನ ಹೆಂಚು. ನೆತ್ತಿಯಿಂದ ಎಣಿಸಿದರೆ ಐದನೆಯ ಸಾಲು. ಅವಳಿಗೆ ಕತ್ತಲಾಗಿದ್ದ ಮೇಲಿನ ಭಾಗ ಫೋಟೋದಲ್ಲಿ ಕಾಣುತ್ತಿತ್ತು; ಫೋಟೋದಲ್ಲಿ ಚಪ್ಪರ ಮರೆಮಾಡಿದ್ದ ಕೆಳಗಿನ ಭಾಗ ಅವಳಿಗೆ ಬಾಯಿಪಾಠವಾಗಿತ್ತು.

"ಗೋಡೆಯಿಂದಾಚೆ ಸೂರು ಎಷ್ಟು ಸಾಲು?"

"ಒಂದೇ," ಎಂದ ತಿಮ್ಮರಾಯಪ್ಪ, ತನಗೂ ಒಂದು ಗೊತ್ತಿದೆಯೆಂಬ ಸಮಾಧಾನದಲ್ಲಿ. "ಕೋತಿ ಬಂದು ಜಾರ್ಸಿದ್ದ ಹೆಂಚ ನಾನೇ ಸರಿಮಾಡ್ತಿದ್ದೆ. ಹಿಂದ್ಲ ಮಗ್ಗುಲೂ ಹಂಗೇ, ಗೋಡೆ ಎತ್ತರ ಎರಡೂ ಒಂದೇ."

ಐದು, ಆರು, ಒಂದು: ಹನ್ನೆರಡು ಸಾಲು. ಕಂಡದ್ದು ಒಂಬತ್ತು, ಚಪ್ಪರದ ಹಿಂದೆ ಮೂರು. ಹನ್ನೆರಡು ನಲವತ್ತೆರಡಲಿ ಐನೂರ ನಾಲ್ಕು. ಎರಡು ಮಗ್ಗುಲಿಗೆ ಸಾವಿರದ ಎಂಟು. ನೆತ್ತಿಯ ಮೇಲೆ ಕವುಚುವ ಹೆಂಚು ಬೇರೆ ಜಾತಿಯದು; ಅದು ಬೇಕಾದಷ್ಟಿತ್ತು.

ಅಲ್ಲಿಗೆ ಪೆನ್ಸಿಲ್ ಕೆಳಗಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚಕ್ರಪಾಣಿಗೆ ತರಗತಿಯ ಮೇಷ್ಟರ ಮಾತು ನೆನಪಾಯಿತು. "ಒಂದರ ಮೇಲೊಂದು ಕೂರುವ ಸಾಮಾನಿಗೆ ಮುಚ್ಚಿಹೋಗುವ ಭಾಗವನ್ನು ಲೆಕ್ಕಕ್ಕೆ ಹಿಡಿಯುವುದನ್ನು ಮರೆತರೆ ಮನೆಯವರು ಮಳೆಯಲ್ಲಿ ನೆನೆಯುತ್ತಾರೆ." ಆ ಮಾತನ್ನು ಅವರು ಎರಡು ಸಲ ಹೇಳಿದ್ದರು. ಚಕ್ರಪಾಣಿ ಅದಕ್ಕೆ ಕೆಂಪು ಗೆರೆ ಎಳೆದಿದ್ದ. ಹೆಂಚಿನ ಉದ್ದದಲ್ಲಿ ಸುಮಾರು ಕಾಲುಭಾಗ ಮೇಲಿನ ಹೆಂಚಿನ ಅಡಿಗೆ ಹೋಗುತ್ತದೆ. ಹಾಗಾಗಿ ಸಾವಿರದ ಎಂಟಕ್ಕೆ ಅದರ ಕಾಲುಭಾಗ, ಇನ್ನೂರ ಐವತ್ತೆರಡು ಸೇರಿಸಿದ. ಒಡೆಯುವುದಕ್ಕೆಂದು ನೂರಕ್ಕೆ ಐದರಂತೆ ಮತ್ತೆ ಅರವತ್ತಮೂರು. ಸಾವಿರದ ಮುನ್ನೂರ ಇಪ್ಪತ್ತಮೂರು.

ಕೂಡಿದ್ದನ್ನು ಮೂರು ಸಲ ನೋಡಿದ. ಕೂಡಿದ್ದು ಸರಿಯಾಗಿಯೇ ಇತ್ತು.

"ನಮ್ಮಲ್ಲಿ ಅಷ್ಟಿಲ್ಲ," ಎಂದ, ಫೋಟೋವನ್ನು ಅವರ ಕಡೆ ಸರಿಸುತ್ತ. "ನೂರೆಪ್ಪತ್ತಕ್ಕೂ ಮೇಲೆ ಕಮ್ಮಿ ಬೀಳುತ್ತೆ. ಲಾರಿ ಬಂದ ಮೇಲೆ..."

"ಅಲ್ಲೀಗಂಟ ಮಗು ಕಾಯ್ತದಾ ಸ್ವಾಮಿ," ಎಂದ ತಿಮ್ಮರಾಯಪ್ಪ. ಕೇಳುವ ದನಿಯಲ್ಲಿ ಹೇಳಲಿಲ್ಲ. ಮಾಡು ಅರ್ಧಂಬರ್ಧ ಮುಚ್ಚಿ ಉಪಯೋಗವಿಲ್ಲವೆಂದು ಅವನಿಗೂ ಗೊತ್ತಿತ್ತು. ಮುನಿವೆಂಕಟಮ್ಮ ಫೋಟೋವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. "ನಾಳೆ ಹೊತ್ತಾರೆ ಹೋಗಿ ಬೀಗರಿಗೆ ಹೇಳ್ಬಿಟ್ಟು ಬಾ, ಕಳಿಸ್ಬ್ಯಾಡಿ ಅಂತ," ಎಂದು ಗಂಡನಿಗೆ ಹೇಳಿ ಮೊದಲು ಹೊರಟವಳು ಅವಳೇ.

ಅವರು ಹೋದ ಮೇಲೆ ಶಾಂತವೀರಪ್ಪನವರು ಬಂದು ವಿಷಯ ಕೇಳಿ, "ಪಾಪ. ಆದ್ರೆ ಇಲ್ಲದ್ದಕ್ಕೆ ಏನು ಮಾಡೋದು," ಎಂದು, ಲಾಯರಿಗೆ ಬೆಳಿಗ್ಗೆ ಗಾಡಿ ಕಳಿಸುವಂತೆ ಹೇಳಿ ಕಳಿಸಿದರು. ಅವರಿಗೆ ಆರುನೂರು ಹೆಂಚು.

ಸಂಜೆ ಬೆಳಕಿರುವಾಗಲೇ ಚಕ್ರಪಾಣಿ ಬಸವನಗುಡಿಯ ಮನೆಗೆ ಬಂದ. ಮನಸ್ಸಿಗೆ ಸಮಾಧಾನವಿರಲಿಲ್ಲ, ಆದರೆ ಅವನ ಅನುಮಾನ ಹೊರಳಿದ್ದು ತಪ್ಪು ದಿಕ್ಕಿಗೆ. ಉದ್ದದಲ್ಲಿ ಮುಚ್ಚುವುದನ್ನಷ್ಟೇ ಸೇರಿಸಿದೆನಲ್ಲ, ಹೆಂಚು ಪಕ್ಕಕ್ಕೂ ಒಂದರ ಮೇಲೊಂದು ಕೂರುತ್ತದೆ, ಅದನ್ನು ಬಿಟ್ಟೆನೇ? ಇನ್ನೂ ಹೆಚ್ಚು ಹೇಳಬೇಕಿತ್ತೇ?

ಹೆಂಡತಿ ಪಂಕಜಾ ನಡುಮನೆಯಲ್ಲಿ ಕೂತು ಮರುದಿನದ ಪೂಜೆಗೆ ತಟ್ಟೆಯಲ್ಲಿ ವೀಳ್ಯದೆಲೆ ಜೋಡಿಸುತ್ತಿದ್ದಳು. ಒಂದರ ತೊಟ್ಟಿನ ಮೇಲೆ ಇನ್ನೊಂದರ ತುದಿ ಬರುವ ಹಾಗೆ, ಸಾಲುಸಾಲಾಗಿ.

"ರೀ, ಸುಮ್ನೆ ನಿಂತಿದ್ದೀರಲ್ಲ, ಎಷ್ಟು ಎಲೆ ಆಯ್ತು ನೋಡಿ. ಇಪ್ಪತ್ತನಾಲ್ಕು ಬೇಕು."

ಚಕ್ರಪಾಣಿ ತುದಿಗಳನ್ನು ಎಣಿಸಿದ. "ಇಪ್ಪತ್ತು," ಎಂದ. ಅಭ್ಯಾಸಬಲದಿಂದ ಬಾಯಲ್ಲಿ "ಅಡಿಗೆ ಹೋಗಿರೋದಕ್ಕೆ ಐದು" ಎನ್ನುವ ಮಾತೂ ಬಂತು.

"ಅಡಿಗೆ ಹೋಗಿರೋದು ಯಾವ ಐದು? ನಾನೇನು ಎಲೆ ಬಚ್ಚಿಟ್ಟಿದ್ದೀನಾ?"

ಅವನು ತಟ್ಟೆಯ ಮುಂದೆ ಕುಕ್ಕರಿಸಿ ಒಂದು ಎಲೆಯನ್ನು ಎಳೆದು ನೋಡಿದ. ಮೇಲಿನ ಎಲೆಯ ಅಡಿಯಲ್ಲಿ ಇದ್ದದ್ದು ಎಳೆದ ಎಲೆಯದೇ ತೊಟ್ಟು. ಬೇರೆ ಎಲೆಯಲ್ಲ.

ಮೇಷ್ಟರು ಹೇಳಿದ್ದು ಟೇಪು ಹಿಡಿದು ಅಳೆಯುವವನಿಗೆ. ಮಾಡಿನ ಉದ್ದವನ್ನು ಹೆಂಚಿನ ಪೂರ್ತಿ ಉದ್ದದಿಂದ ಭಾಗಿಸಿದರೆ ಹೆಂಚು ಕಡಿಮೆ ಬರುತ್ತದೆ, ಯಾಕೆಂದರೆ ಪ್ರತಿ ಹೆಂಚಿನ ಒಂದಿಷ್ಟು ಭಾಗ ಮರೆಗೆ ಹೋಗುತ್ತದೆ, ಆಗ ಸೇರಿಸಬೇಕು. ಅವನು ಅಳೆದಿರಲಿಲ್ಲ, ಎಣಿಸಿದ್ದ. ಫೋಟೋದಲ್ಲಿ ಕಂಡ ಒಂದೊಂದು ಮುಖವೂ ಒಂದೊಂದು ಇಡೀ ಹೆಂಚು. ಅದರ ತಲೆ ಮೇಲಿನ ಸಾಲಿನ ಅಡಿಯಲ್ಲಿ ಮಲಗಿತ್ತು. ಮುಚ್ಚಿಹೋದದ್ದು ಎಣಿಕೆಯೊಳಗೆ ಆಗಲೇ ಸೇರಿಕೊಂಡಿತ್ತು. ಅದನ್ನು ಇನ್ನೊಮ್ಮೆ ಸೇರಿಸಿ, ಇಲ್ಲದ ಇನ್ನೂರೈವತ್ತು ಹೆಂಚಿಗಾಗಿ ಒಬ್ಬ ತಾಯಿಯನ್ನು ಬರಿಗೈಯಲ್ಲಿ ಕಳಿಸಿದ್ದ.

ಸಾವಿರದ ಎಂಟು, ಒಡೆಯುವುದಕ್ಕೆ ಐವತ್ತು. ಸಾವಿರದ ಐವತ್ತೆಂಟು. ಅಂಗಳದಲ್ಲಿ ಸಾವಿರದ ನೂರೈವತ್ತು ಇತ್ತು.

"ಕಾಫಿ ಕುಡಿದು ಹೋಗಿ," ಎಂದು ಪಂಕಜಾ ಹೇಳುವಷ್ಟರಲ್ಲಿ ಸೈಕಲ್ ಬೀದಿಯ ತಿರುವಿನಲ್ಲಿತ್ತು.

ಶಾಂತವೀರಪ್ಪನವರು ಮನೆಯ ಜಗಲಿಯಲ್ಲಿ ಕೂತಿದ್ದರು. ಚಕ್ರಪಾಣಿ ಏದುಸಿರಿನಲ್ಲೇ ಎಲ್ಲವನ್ನೂ ಒಪ್ಪಿಸಿದ. ಅವರು ಕನ್ನಡಕ ತೆಗೆದು ಒರೆಸಿದರು.

"ಮಧ್ಯಾಹ್ನ ಸಾವಿರದ ಮುನ್ನೂರು ಅಂದೆ. ಈಗ ಸಾವಿರದ ಐವತ್ತು ಅಂತೀಯ. ಬೆಳಿಗ್ಗೆ ಹೊತ್ತಿಗೆ ಎಷ್ಟಕ್ಕಿಳೀತೀಯಪ್ಪ? ಇಳಿಸ್ತಾ ಹೋದ್ರೆ ಅವರಿಗೆ ಹೆಂಚೇ ಬೇಡ ಅಂತಾಗ್ಬಹುದು."

"ತಪ್ಪಾಯ್ತು ಯಜಮಾನ್ರೇ. ಆದ್ರೆ ಈಗಿನದು ಸರಿ."

"ಸರಿ ಅಂತ ಹೆಂಗೆ ನಂಬೋದು? ಲಾಯರಿಗೆ ಮಾತು ಕೊಟ್ಟಿದ್ದೀನಿ. ಅವರಿಗೆ ಇಲ್ಲ ಅಂದು, ಅಲ್ಲಿ ಮಾಡು ಅರ್ಧಕ್ಕೆ ನಿಂತ್ರೆ ಎರಡೂ ಕಡೆ ಮುಖ ತೋರ್ಸೋ ಹಂಗಿಲ್ಲ."

ಚಕ್ರಪಾಣಿ ಸುತ್ತ ನೋಡಿದ. ತಲೆ ಎತ್ತಿದಾಗ ಜಗಲಿಯ ಮುಂದಿನ ಇಳಿಮಾಡು ಕಣ್ಣಿಗೆ ಬಿತ್ತು. ಒಂದೇ ಮಗ್ಗುಲಿನ, ಮಂಗಳೂರು ಹೆಂಚಿನ ಮಾಡು.

"ಇದಕ್ಕೆ ಎಷ್ಟು ಹೆಂಚು ಹಾಕಿಸಿದ್ರಿ, ಜ್ಞಾಪಕ ಇದೆಯಾ? ಈಗಲೇ ಹೇಳ್ಬೇಡಿ." ಬೀದಿಗಿಳಿದು, ಎದುರು ಮನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತು ಎಣಿಸಿದ. ಬೆಳಕು ಕರಗುತ್ತಿತ್ತು. ಎಂಟು ಸಾಲು, ಅಡ್ಡಕ್ಕೆ ಮೂವತ್ತೈದು. "ಇನ್ನೂರೆಂಬತ್ತು," ಎಂದು ಬೀದಿಯಿಂದಲೇ ಹೇಳಿದ. "ಮಧ್ಯಾಹ್ನದ ನನ್ನ ಲೆಕ್ಕದ ಪ್ರಕಾರ ಆದ್ರೆ ಮುನ್ನೂರೈವತ್ತು ಆಗ್ಬೇಕು."

ಶಾಂತವೀರಪ್ಪನವರು ಕನ್ನಡಕ ಮತ್ತೆ ಏರಿಸಿ ಮಾಡನ್ನು ನೋಡಿದರು. "ಮುನ್ನೂರು ತರ್ಸಿದ್ದೆ," ಎಂದರು ಕೊನೆಗೆ. "ಇಪ್ಪತ್ತರ ಹತ್ರ ಹಿತ್ತಲಲ್ಲಿ ಬಿದ್ದಿದೆ. ನಮ್ಮ ಮನೆಯವಳು ತುಳಸಿಗೆ ಅಂಚು ಕಟ್ಟಿದ್ದಾಳೆ."

ಆಮೇಲೆ ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು. "ಲಾಯರ ಹತ್ರ ನಾನೇ ಹೋಗ್ತೀನಿ. ಕಾರು ನೆನೆದ್ರೆ ತುಕ್ಕು ಹಿಡಿದೀತು, ಅಷ್ಟೇ. ಅದಕ್ಕೇನು ಬಾಣಂತನ ಮಾಡ್ಬೇಕಾಗಿಲ್ಲ. ಆದ್ರೆ ಒಂದು ಹೇಳ್ತೀನಿ ಚಕ್ರಪಾಣಿ, ಅಲ್ಲಿ ಕಮ್ಮಿ ಬಿದ್ರೆ ನಿನ್ನ ಮನೆ ಮಾಡೇ ಕಿತ್ತು ಕೊಡ್ಬೇಕಾಗುತ್ತೆ."

"ನಮ್ಮದು ಬಾಡಿಗೆ ಮನೆ, ಯಜಮಾನ್ರೇ."

"ಗೊತ್ತು. ಅದಕ್ಕೇ ಹೇಳಿದ್ದು, ಓನರ್ ಹತ್ರ ಬೈಸ್ಕೋ ಅಂತ."

ಮರುದಿನ ಬೆಳಕು ಹರಿಯುವ ಮೊದಲೇ ಚಕ್ರಪಾಣಿ ಸೈಕಲ್ ಹತ್ತಿದ. ತಿಮ್ಮರಾಯಪ್ಪ ಬೀಗರ ಊರಿಗೆ ಹೊರಟುಬಿಟ್ಟರೆ ಎಲ್ಲವೂ ಮುಗಿದಂತೆ. ಒಮ್ಮೆ ಬೇಡವೆಂದು ಹೇಳಿ ಮತ್ತೆ ಕಳಿಸಿರೆಂದರೆ ಬೀಗರು ನಂಬುವುದಿಲ್ಲ. ಬನಶಂಕರಿ ಗುಡಿ ದಾಟಿದ ಮೇಲೆ ರಸ್ತೆಯೆಂಬುದು ಕೆಸರು. ಸೈಕಲ್ಲನ್ನು ತುಳಿದದ್ದಕ್ಕಿಂತ ಹೊತ್ತದ್ದೇ ಹೆಚ್ಚು. ಉತ್ತರಹಳ್ಳಿಯ ಕೆರೆ ಏರಿಯ ಮೇಲೆ ಎದುರಿಗೆ ಕೊಡೆ ಹಿಡಿದು ಬರುತ್ತಿದ್ದವನು ತಿಮ್ಮರಾಯಪ್ಪನೇ.

"ಏನ್ ಸ್ವಾಮಿ, ನಮ್ಮೂರ್ ಕಡೆ? ಫೋಟೋ ಗೀಟೋ ಬಿಟ್ಟು ಬಂದಿದ್ವಾ?"

"ಇಲ್ಲ. ನಾನೇ ಲೆಕ್ಕ ತಪ್ಪು ಹೇಳಿದ್ದೆ. ಹೆಂಚು ಸಾಕಾಗುತ್ತೆ. ಗಾಡಿ ಕಳಿಸಿ."

ತಿಮ್ಮರಾಯಪ್ಪ ಅವನ ಕೆಸರು ಮೆತ್ತಿದ ಪಂಚೆಯನ್ನೂ ಮುಖವನ್ನೂ ಮತ್ತೆ ಮತ್ತೆ ನೋಡಿದ. "ನಿನ್ನೆ ತಪ್ಪಾಗಿತ್ತು ಅಂತೀರಿ. ಇವತ್ತಿಂದು?"

"ಇವತ್ತಿಂದು ಸರಿ ಅನ್ಸುತ್ತೆ," ಎಂದ ಚಕ್ರಪಾಣಿ. ಅದಕ್ಕಿಂತ ಗಟ್ಟಿಯಾಗಿ ಹೇಳಲು ಅವನಿಂದಾಗಲಿಲ್ಲ. "ನಿಮ್ಮ ಮನೆಯವರ ಆರು ರೀಪು ಸರಿಯಾಗಿದ್ರೆ."

ತಿಮ್ಮರಾಯಪ್ಪ ಕೊಡೆ ಮಡಿಸಿದ. ಮಳೆ ಇನ್ನೂ ನಿಂತಿರಲಿಲ್ಲ. "ಅವಳ ಲೆಕ್ಕದ ಮೇಲೆ ಅನುಮಾನ ಪಟ್ಟು ನಾನು ಆ ಮನೇಲಿ ಬಾಳಕ್ಕಾಯ್ತದಾ ಸ್ವಾಮಿ? ನಡೀರಿ, ಗಾಡಿ ಕಟ್ಟಾನ."

ಸಾವಿರದ ಐವತ್ತೆಂಟು ಹೆಂಚು ಎತ್ತಿನ ಗಾಡಿಯಲ್ಲಿ, ಹುಲ್ಲಿನ ನಡುವೆ ಮಲಗಿ, ಹಲವು ಸಲ ಹೋಗಿ ಬಂದು ಉತ್ತರಹಳ್ಳಿ ಸೇರಿತು. ಆಚಾರಿ ರೀಪು ಹೊಡೆದ. ಮುನಿವೆಂಕಟಮ್ಮ ಹಳೆಯ ಗಾಜಿನ ಹೆಂಚನ್ನು ಒಡೆದದ್ದರ ರಾಶಿಯಿಂದ ಹುಡುಕಿ, ಸೀರೆಯಲ್ಲಿ ಸುತ್ತಿ ಎತ್ತಿಟ್ಟಿದ್ದಳು. ಅದೂ ಮುಂದಿನ ಕೋಣೆಯ ಮೇಲೆ ಕೂತಿತು. ಮಾಡು ಮುಚ್ಚಿತು. ಮಂಗಮ್ಮ ತವರಿಗೆ ಬಂದಳು. ಗಂಡುಮಗು.

ಮಗುವಿನ ನಾಮಕರಣಕ್ಕೆ ಚಕ್ರಪಾಣಿಗೂ ಪಂಕಜಳಿಗೂ ಕರೆ ಬಂತು. ಹೊಸ್ತಿಲು ದಾಟುವ ಮೊದಲು ಚಕ್ರಪಾಣಿ ಅಂಗಳದ ಮೂಲೆ ನೋಡಿದ. ಗೋಡೆಗೊರಗಿಸಿ ಇಟ್ಟಿದ್ದದ್ದು ಐದು ಹೆಂಚು. ತಿರುಗಿ ಎಣಿಸಿದ: ಐದೇ. ಅವನ ಲೆಕ್ಕದಲ್ಲಿ ಉಳಿಯಬೇಕಾದದ್ದು ಐವತ್ತರ ಹತ್ತಿರ.

"ಬಾಕಿಯೆಲ್ಲ ಒಡೆದು ಹೋಯ್ತಾ?" ಎಂದು ಕೇಳಿದ.

"ಒಂದಷ್ಟು ಒಡೆದ್ವಪ್ಪ. ಯಾರು ಎಣಿಸವ್ರೆ," ಎಂದ ತಿಮ್ಮರಾಯಪ್ಪ. "ಗಾಡಿ ಒಂದ್ ದಪ ಹಳ್ಳಕ್ಕೆ ಇಳೀತು."

ಒಳಗಿನಿಂದ ಮಂಗಮ್ಮನ ದನಿ ಬಂತು. "ಅವ್ವ ರೀಪು ಆರು ಅಂತಾಳೆ ಸ್ವಾಮಿ. ನಾನೂ ಮಲಕ್ಕಂಡು ಎಣಿಸ್ದೆ. ನಂಗೆ ಏಳು ಬತ್ತದೆ."

"ಗೋಡೆ ಮೇಲೆ ಕೂತಿರೋ ರೀಪನ್ನೂ ಸೇರ್ಸಿರ್ತೀಯ," ಎಂದಳು ಮುನಿವೆಂಕಟಮ್ಮ. "ಅದು ಸೂರಿಂದು."

"ಗೋಡೇದು ಬಿಟ್ಟೇ ಏಳು ಕಣವ್ವ."

ತಾಯಿ ಮಗಳು ಆ ಮಾತನ್ನು ಅಲ್ಲಿಗೆ ಬಿಡಲಿಲ್ಲ. ಊಟದ ಎಲೆ ಹಾಕುವವರೆಗೂ ಒಳಗಿನಿಂದ ಆರು, ಏಳು ಕೇಳಿಸುತ್ತಲೇ ಇತ್ತು. ಮಗು ಮಂಗಮ್ಮನ ಮಗ್ಗುಲಲ್ಲಿ ಒಣಗಿದ ಬಟ್ಟೆಯ ಮೇಲೆ ಮಲಗಿತ್ತು. ಗಾಜಿನ ಹೆಂಚಿನಿಂದ ಇಳಿದ ಬೆಳಕು ಅದರ ಕಾಲಿನ ಹತ್ತಿರ ಚೌಕವಾಗಿ ಬಿದ್ದಿತ್ತು.

ಮುಂದಿನ ಮಗ್ಗುಲಿಗೆ ಆಚಾರಿ ಒಂದು ಸಾಲು ಹೆಚ್ಚಿಗೆ ಕೂರಿಸಿದ್ದರೆ ನಲವತ್ತೆರಡು ಹೆಂಚು ಅದಕ್ಕೆ ಹೋಗಿರಬೇಕು, ಗಾಡಿಯಲ್ಲಿ ಒಡೆದದ್ದು ಬರೀ ಮೂರ್ನಾಲ್ಕು. ಹನ್ನೆರಡೇ ಸಾಲಾಗಿದ್ದರೆ ನಲವತ್ತೈದರ ಹತ್ತಿರ ಒಡೆದಿರಬೇಕು. ಅಂಗಳಕ್ಕಿಳಿದು ತಲೆಯೆತ್ತಿ ಎಣಿಸಿದ್ದರೆ ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು. ಆದರೆ ನಾಮಕರಣಕ್ಕೆಂದು ಮನೆಯ ಮುಂದೆ ಮತ್ತೆ ಚಪ್ಪರ ಹಾಕಿದ್ದರು, ಕೆಳಗಿನ ಸಾಲುಗಳು ಗರಿಯ ಹಿಂದಿದ್ದವು. ಚಕ್ರಪಾಣಿ ಇನ್ನೊಂದು ದಿನ ಬಂದು ನೋಡುತ್ತೇನೆ ಎಂದುಕೊಂಡ, ಬರಲಾಗಲಿಲ್ಲ. ಚಪ್ಪರದ ಹಿಂದೆ ಇದ್ದದ್ದು ಮೂರು ಸಾಲೋ ನಾಲ್ಕೋ ಎಂಬುದು ಗೊತ್ತಿಲ್ಲ.